ಅಪ್‌ಡೇಟ್: ಅಮ್ಮನ ಲೋ ಶುಗರ್ ಗೊತ್ತಾಗದಿರಲು ಕಾರಣ ಸಿಕ್ಕಿತು

ನಾನು ಕೇಳಿದ್ದು: "ಅಮ್ಮ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೊದಲೆಲ್ಲ ಶುಗರ್ ಇಳಿದರೆ ಕೈ ನಡುಗಿ ಎದೆ ಹೊಡೆದುಕೊಳ್ಳುತ್ತಿತ್ತು. ಈಗ 58 ಇದ್ದರೂ ಅದ್ಯಾವುದೂ ಇಲ್ಲ, ಯಾಕೆ?"

ಎಲ್ಲ ಮಾತ್ರೆಗಳ ಸ್ಟ್ರಿಪ್ ಒಟ್ಟಿಗೆ ಡಾಕ್ಟರಿಗೆ ತೋರಿಸಿ ಅಂದವರ ಸಲಹೆಯೇ ಕೆಲಸಕ್ಕೆ ಬಂತು, ತುಂಬಾ ಥ್ಯಾಂಕ್ಸ್. ಉಡುಪಿಯ ನಮ್ಮ ಡಾಕ್ಟರ್ ನೋಡಿದ ಕೂಡಲೇ ಬೆರಳಿಟ್ಟದ್ದು ಮೈಗ್ರೇನಿಗೆಂದು ಬೇರೆ ಕಡೆ ಕೊಟ್ಟಿದ್ದ ಪ್ರೊಪ್ರನೊಲಾಲ್ ಮೇಲೆ. ಶುಗರ್ ಇಳಿದಾಗ ಎದೆಬಡಿತ, ನಡುಕ ತರುವುದು ಅಡ್ರಿನಲಿನ್. ಬೀಟಾ ಬ್ಲಾಕರ್ ಗುಂಪಿನ ಈ ಮಾತ್ರೆ ಅದರ ಪರಿಣಾಮವನ್ನೇ ತಡೆಯುತ್ತದೆ. ಮೀಟರೇ ತಪ್ಪು ತೋರಿಸುತ್ತಿದೆಯೇ ಎಂದು ಗ್ಲುಕೋಮೀಟರ್ ಬದಲಿಸಿಯೂ ನೋಡಿದೆವು, ವ್ಯತ್ಯಾಸ ಇರಲಿಲ್ಲ.

ನನಗೆ ಆಶ್ಚರ್ಯವಾದದ್ದು, ಶುಗರ್ ಇಳಿದಾಗ ಬರುವ ಬೆವರು ಮಾತ್ರ ಈ ಮಾತ್ರೆಗೆ ನಿಲ್ಲುವುದಿಲ್ಲವಂತೆ. ಆದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಅದನ್ನು ಗುರುತಿಸುವುದೇ ಕಷ್ಟ. ಫ್ಯಾನಿನಡಿ ಕೂತಿದ್ದರೂ ಅಮ್ಮನ ಕುತ್ತಿಗೆ ತಣ್ಣಗೆ ಒದ್ದೆಯಾದರೆ ಈಗ ತಕ್ಷಣ ಬೆರಳು ಚುಚ್ಚಿ ನೋಡುತ್ತೇವೆ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುತ್ತೇವೆ.

ಪ್ರೊಪ್ರನೊಲಾಲ್ ಇವತ್ತೇ ನಿಲ್ಲಿಸಿ ಅಂದವರೂ ಇದ್ದರು. ದಯವಿಟ್ಟು ಹಾಗೆ ಮಾಡಬೇಡಿ, ದಿಢೀರ್ ಬಿಟ್ಟರೆ ಹೃದಯಕ್ಕೆ ಅಪಾಯ. ಡಾಕ್ಟರ್ ಗ್ಲಿಮೆಪಿರೈಡ್ ಕಡಿಮೆ ಮಾಡಿದ್ದಾರೆ, ಪ್ರೊಪ್ರನೊಲಾಲ್ ಡೋಸನ್ನು ಹಂತ ಹಂತವಾಗಿ ಇಳಿಸುತ್ತಿದ್ದಾರೆ.