ಯಾವ ದಿನ, ಎಷ್ಟು ಗಂಟೆಗೆ ವಿಡಿಯೊ ಹಾಕೋದು? ಡೇಟಾ ನೋಡಿ ನಿರ್ಧರಿಸಿದವರು ಅನುಭವ ಹಂಚಿಕೊಳ್ಳಿ

ನೀಲಿಪರದೆ: ಯೂಟ್ಯೂಬಲ್ಲಿ ವಾರಕ್ಕೊಂದು ವಿಡಿಯೊ, ಇಲ್ಲಿಯವರೆಗೆ 34 ಆಗಿವೆ. ಆಡಿಯನ್ಸ್ ಗ್ರಾಫಲ್ಲಿ ರಾತ್ರಿ 9 ಗಂಟೆ ಕಡು ಬಣ್ಣದಲ್ಲಿದೆ. ಆದ್ರೆ ನನ್ನ ಲೆಕ್ಕದಲ್ಲಿ ಗುರುವಾರ ಸಂಜೆ 7ಕ್ಕೆ ಹಾಕಿದವುಗಳ ಸರಾಸರಿಯೇ ಎಲ್ಲಕ್ಕಿಂತ ಮೇಲೆ. ಯಾವುದನ್ನ ನಂಬಲಿ?

ಟೈಮ್‌ಲೈನ್: ಗ್ರಾಫನ್ನೇ ನಂಬಿ. ಕಡು ಬಣ್ಣ ಶುರುವಾಗೋಕೆ ಎರಡು ಗಂಟೆ ಮೊದಲು ಪಬ್ಲಿಷ್ ಮಾಡಿ, ಅಂದ್ರೆ 7ಕ್ಕೆ. ಎಚ್‌ಡಿ ಪ್ರೊಸೆಸಿಂಗ್ ಮುಗಿದಿರುತ್ತೆ, ಜನ ಬರೋ ಹೊತ್ತಿಗೆ ವಿಡಿಯೊ ಸಿದ್ಧ. ನಿಮ್ಮ ಗುರುವಾರದ ಲೆಕ್ಕಕ್ಕೂ ಹೊಂದುತ್ತೆ.

ಅಂಕಿಅಂಶ: ಪ್ರೊಸೆಸಿಂಗ್ ಮಾತು ಸರಿ, ಆದ್ರೆ ಅದಕ್ಕೆ ಪಬ್ಲಿಷ್ ಗಂಟೆ ಬದಲಿಸಬೇಕಿಲ್ಲ. ಹಿಂದಿನ ದಿನವೇ ಅಪ್‌ಲೋಡ್ ಮಾಡಿ ಶೆಡ್ಯೂಲ್‌ಗೆ ಇಟ್ಟರೆ ಆಯ್ತು.

ಗ್ರಾಫ್ ಏನು ಹೇಳುತ್ತೆ ಅನ್ನೋದನ್ನ ಮೊದಲು ನೋಡಿ. `When your viewers are on YouTube` ಅನ್ನೋದು ಕಳೆದ 28 ದಿನಗಳಲ್ಲಿ ನಿಮ್ಮ ವೀಕ್ಷಕರು ಯೂಟ್ಯೂಬಲ್ಲಿ ಇದ್ದ ಹೊತ್ತನ್ನ ತೋರಿಸುತ್ತೆ. ಅವರು ಯಾರ ವಿಡಿಯೊ ನೋಡ್ತಿದ್ರು ಅಂತ ಹೇಳಲ್ಲ. ಆ ಹೊತ್ತಿಗೆ ಉಳಿದವರೆಲ್ಲ ಹಾಕಿದ ವಿಡಿಯೊಗಳೂ ಅವರ ಮುಂದಿರುತ್ತವೆ. ಅಲ್ಲಿ ಸಂಖ್ಯೆ ಇಲ್ಲ, ಬಣ್ಣದ ಗಾಢತೆ ಮಾತ್ರ, ಹಾಗಾಗಿ 8ಕ್ಕೂ 9ಕ್ಕೂ ಇರೋ ವ್ಯತ್ಯಾಸ ಎಷ್ಟು ಅಂತ ಅಳೆಯೋಕಾಗಲ್ಲ. ಲೈವ್‌ಗೆ, ಪ್ರೀಮಿಯರ್‌ಗೆ ಅದು ನೇರವಾಗಿ ಉಪಯೋಗ. ಮಾಮೂಲಿ ವಿಡಿಯೊಗೆ ಅದರಿಂದ ಪರೀಕ್ಷಿಸಬೇಕಾದ ಒಂದೆರಡು ಸ್ಲಾಟ್ ಆರಿಸಿಕೊಳ್ಳಬಹುದು, ಅಷ್ಟೇ. ಪಬ್ಲಿಷ್ ಮಾಡೋ ಗಂಟೆಯಿಂದ ದೀರ್ಘಾವಧಿ ವೀಕ್ಷಣೆ ನೇರವಾಗಿ ಬದಲಾಗುತ್ತೆ ಅನ್ನೋದು ಗೊತ್ತಾಗಿಲ್ಲ ಅಂತ ಯೂಟ್ಯೂಬ್ ಸಹಾಯ ಪುಟವೇ ಹೇಳುತ್ತೆ.

ಗುರುವಾರದ ಸರಾಸರಿ ಎಷ್ಟು ವಿಡಿಯೊಗಳದ್ದು?

ಶಾರ್ಟ್ಸ್‌ಪ್ರಿಯ: ನನ್ನ ಶಾರ್ಟ್ಸ್ ಬೆಳಗ್ಗೆ 6ಕ್ಕೆ ಹಾಕಿದ್ರೂ ಮೂರನೇ ದಿನ ಮೇಲೇಳುತ್ತವೆ. ಗಂಟೆ ಅನ್ನೋದೇ ಸುಳ್ಳು ಅನ್ಸುತ್ತೆ.

ಅಂಕಿಅಂಶ: ಶಾರ್ಟ್ಸ್ ಬೇರೆ ಕಥೆ, ಫೀಡ್ ತನಗೆ ಬೇಕಾದಾಗ ತಳ್ಳುತ್ತೆ. ಎರಡನ್ನೂ ಒಂದೇ ಶೀಟಲ್ಲಿ ಬೆರೆಸಬೇಡಿ. ಅದೂ ಅಲ್ಲದೆ 2025ರ ಮಾರ್ಚ್ 31ರಿಂದ ಶಾರ್ಟ್ಸ್ ವ್ಯೂಸ್ ಎಣಿಸೋ ರೀತಿಯೇ ಬದಲಾಗಿದೆ. ಪ್ಲೇ ಶುರುವಾದ್ರೂ, ಮರುಪ್ಲೇ ಆದ್ರೂ ಲೆಕ್ಕಕ್ಕೆ ಬರುತ್ತೆ. ಆ ದಿನದ ಹಿಂದಿನ, ಮುಂದಿನ ವ್ಯೂಸ್ ಪಕ್ಕಪಕ್ಕ ಇಟ್ಟರೆ ಹೊಸ ಸ್ಲಾಟ್ ಗೆದ್ದಂತೆ ಕಾಣುತ್ತೆ.

ನೀಲಿಪರದೆ: ಗುರುವಾರ ಎರಡೇ ವಿಡಿಯೊ ಸರ್. ಭಾನುವಾರ ಒಂಬತ್ತು. ಉಳಿದವು ಬೇರೆಬೇರೆ ದಿನ.

ಅಂಕಿಅಂಶ: ಅನುಮಾನ ಇದ್ದದ್ದೇ ಅದು. ವಾರದ ಒಟ್ಟು ಗಂಟೆ 168, ನಿಮ್ಮಲ್ಲಿರೋದು 34 ವಿಡಿಯೊ. ಎಲ್ಲ ಗಂಟೆಯೂ ಒಂದೇ ಥರ ಇದ್ರೂ ಯಾವುದೋ ಒಂದು ಖಾನೆ ಆಕಸ್ಮಿಕವಾಗಿ ಮೇಲೆ ಬಂದೇ ಬರುತ್ತೆ, ಮತ್ತೆ ಹಾಗೆ ಬರೋದು ಸಾಮಾನ್ಯವಾಗಿ ಒಂದೋ ಎರಡೋ ವಿಡಿಯೊ ಇರೋ ಖಾನೆಯೇ.

ಹೀಗೆ ಮಾಡಿ. ಅಡ್ವಾನ್ಸ್ಡ್ ಮೋಡಲ್ಲಿ ಪ್ರತಿ ವಿಡಿಯೊದ ಮೊದಲ 7 ದಿನದ ವ್ಯೂಸ್ ತಗೊಂಡು, ಪಬ್ಲಿಷ್ ಆದ ಕ್ರಮದಲ್ಲಿ ಡಿ ಕಾಲಮಲ್ಲಿ ಬರೆದುಕೊಳ್ಳಿ. ಚಾನೆಲ್ ಬೆಳೀತಾ ಇರುತ್ತೆ, ಹಾಗಾಗಿ ಹಳೇ ವಿಡಿಯೊವನ್ನ ಹೊಸದರ ಜೊತೆ ನೇರ ಹೋಲಿಸಿದ್ರೆ ಅನ್ಯಾಯ. ಪ್ರತಿ ವಿಡಿಯೊವನ್ನ ಅದರ ಹಿಂದಿನ ಹತ್ತರ ಮೀಡಿಯನ್‌ನಿಂದ ಭಾಗಿಸಿ:

```
=D12/MEDIAN(D2:D11)
```

1 ಬಂದ್ರೆ ಮಾಮೂಲು, 2 ಬಂದ್ರೆ ದುಪ್ಪಟ್ಟು. ಮೊದಲ ಹತ್ತಕ್ಕೆ ಅನುಪಾತ ಸಿಗಲ್ಲ, 24 ಉಳಿಯುತ್ತವೆ.

ಯಾಕೆ 7 ದಿನ ಅಂದ್ರೆ, ಭಾನುವಾರ ಬೆಳಗ್ಗೆ ಹಾಕಿದ ವಿಡಿಯೊದ ಮೊದಲ 24 ಗಂಟೆಯಲ್ಲಿ ಹೆಚ್ಚುಪಾಲು ರಜೆಯೇ ಇರುತ್ತೆ, ಗುರುವಾರದ್ದರಲ್ಲಿ ಕೆಲಸದ ದಿನ. ಒಂದು ಪೂರ್ತಿ ವಾರ ತಗೊಂಡ್ರೆ ಎಲ್ಲ ವಿಡಿಯೊಗೂ ವಾರದ ಏಳೂ ದಿನ ಸಿಗುತ್ತವೆ. ಮೊದಲ ಎರಡು ಗಂಟೆಯ ವ್ಯೂಸ್ ನೋಡೋದಂತೂ ಬೇಡವೇ ಬೇಡ. ಆಗ ಎಷ್ಟು ಜನ ಎಚ್ಚರ ಇದ್ರು ಅನ್ನೋದಷ್ಟೇ ಗೊತ್ತಾಗೋದು.

ನೀಲಿಪರದೆ: ಮಾಡಿದೆ. ಗುರುವಾರ 2.4 ಮತ್ತು 0.8. ಭಾನುವಾರದ ಒಂಬತ್ತರ ಸರಾಸರಿ 1.25. ಉಳಿದ ಹದಿಮೂರರದ್ದು 0.75.

ಕತ್ತರಿ: ಉತ್ತರ ಅಲ್ಲೇ ಇದೆಯಲ್ಲ. 2.4 ಬಂದ ವಿಡಿಯೊದ ವಿಷಯವೇ ಹಾಗೆ ಓಡೋ ಥರದ್ದಿರಬೇಕು. ಅದನ್ನ ತೆಗೆದು ನೋಡಿ, ಗುರುವಾರ 0.8ಕ್ಕೆ ಇಳಿಯುತ್ತೆ. ಭಾನುವಾರ ಫೈನಲ್.

ಅಂಕಿಅಂಶ: ಒಂದನ್ನ ತೆಗೆದು ನೋಡೋದು ಒಳ್ಳೆ ಅಭ್ಯಾಸ. ಆದ್ರೆ ಬೇಡವಾದದ್ದನ್ನ ಮಾತ್ರ ತೆಗೆಯೋದು ತಪ್ಪು, ತೆಗೆದ್ರೆ ಪ್ರತಿ ದಿನದ ಗರಿಷ್ಠವನ್ನೂ ತೆಗೀಬೇಕು. ಅದಕ್ಕಿಂತ ನ್ಯಾಯದ ದಾರಿ, ಪ್ರತಿ ದಿನಕ್ಕೂ 1ರ ಅನುಪಾತ ಇರೋ ಐದು ಕಾಲ್ಪನಿಕ ವಿಡಿಯೊ ಸೇರಿಸೋದು. ನಿಮ್ಮ ಒಟ್ಟು ಸರಾಸರಿ ಹೆಚ್ಚುಕಡಿಮೆ 1 ಇರೋದ್ರಿಂದ ಆ ಸಂಖ್ಯೆ. ಗುರುವಾರ 3.2ಕ್ಕೆ 5 ಕೂಡಿ 7ರಿಂದ ಭಾಗಿಸಿದ್ರೆ 1.17. ಭಾನುವಾರ 11.25ಕ್ಕೆ 5 ಕೂಡಿ 14ರಿಂದ ಭಾಗಿಸಿದ್ರೆ 1.16. ಎರಡೂ ಒಂದೇ! ಕಡಿಮೆ ವಿಡಿಯೊ ಇರೋ ದಿನ ತಾನಾಗಿ ನಡುವಿಗೆ ಬರುತ್ತೆ. ಐದೇ ಯಾಕೆ ಅಂತ ಕೇಳಿದ್ರೆ ಪವಿತ್ರ ಕಾರಣ ಏನಿಲ್ಲ. 3 ಮತ್ತು 8 ಹಾಕಿಯೂ ನೋಡಿ. 3ಕ್ಕೆ ಗುರುವಾರ ಮುಂದೆ, 8ಕ್ಕೆ ಭಾನುವಾರ ಮುಂದೆ ಬರುತ್ತೆ. ಕ್ರಮ ಹೀಗೆ ಅದಲುಬದಲಾದ್ರೆ ಡೇಟಾ ಇನ್ನೂ ಸಾಲದು ಅಂತ ಅರ್ಥ.

ಇನ್ನೊಂದು ಪ್ರಶ್ನೆ. ಭಾನುವಾರ ಎಂಥ ವಿಡಿಯೊ ಹಾಕ್ತೀರಿ?

ನೀಲಿಪರದೆ: ಹೆಚ್ಚು ಶ್ರಮ ಹಾಕಿದ ಉದ್ದದವು. ಚಿಕ್ಕವು ಮಧ್ಯವಾರ.

ಅಂಕಿಅಂಶ: ಹಾಗಾದ್ರೆ 1.25 ಭಾನುವಾರದ್ದಾ, ಉದ್ದದ್ದಾ, ಶ್ರಮದ್ದಾ ಅಂತ ಈ ಶೀಟಿಂದ ಬಿಡಿಸೋಕಾಗಲ್ಲ. ಮುಂದೆ ಹಾಕೋ ವಿಡಿಯೊಗಳಲ್ಲೇ ಬಿಡಿಸಬೇಕು. ಎರಡೇ ಸ್ಲಾಟ್ ಇಟ್ಟುಕೊಳ್ಳಿ, ಗುರುವಾರ ಸಂಜೆ 7 ಮತ್ತು ಭಾನುವಾರ ಬೆಳಗ್ಗೆ 10 ಅನ್ನಿ. ಉದ್ದದಲ್ಲೂ ವಿಷಯದಲ್ಲೂ ಹೋಲೋ ಎರಡೆರಡು ವಿಡಿಯೊ ಜೋಡಿ ಮಾಡಿ, ಯಾವುದು ಯಾವ ಸ್ಲಾಟಿಗೆ ಅಂತ ನಾಣ್ಯ ಚಿಮ್ಮಿ. ನೀವೇ ಆರಿಸಿದ್ರೆ ಒಳ್ಳೇದು ಗೊತ್ತಿಲ್ಲದೆ ಇಷ್ಟದ ಸ್ಲಾಟಿಗೆ ಹೋಗಿಬಿಡುತ್ತೆ.

ಟೈಮ್‌ಲೈನ್: ಮೂರು ಜೋಡಿ ಸಾಕಲ್ವಾ? ಮೂರೂ ಒಂದೇ ಕಡೆ ಗೆದ್ರೆ ಇನ್ನೇನು ಬೇಕು?

ಅಂಕಿಅಂಶ: ವ್ಯತ್ಯಾಸವೇ ಇಲ್ಲದಿದ್ರೂ ಮೂರೂ ಒಂದೇ ಕಡೆ ಬೀಳೋ ಸಾಧ್ಯತೆ ನಾಲ್ಕರಲ್ಲಿ ಒಂದು. ಎಂಟು ಜೋಡಿಯಲ್ಲಿ ಏಳೋ ಎಂಟೋ ಒಂದೇ ಸ್ಲಾಟ್ ಗೆದ್ರೆ, ಬರೀ ಅದೃಷ್ಟದಿಂದ ಹಾಗಾಗೋದು ಶೇ. 7ರಷ್ಟು. ಆರು ಎರಡು ಬಂದ್ರೆ ನಿಮಗೆ ಅನುಕೂಲವಾದ ದಿನ ಹಾಕಿ. ಮಧ್ಯೆ ಇಣುಕಿ, ಮುಂದಿದ್ದಾಗ ನಿಲ್ಲಿಸಬಾರದು.

ಕತ್ತರಿ: ವಾರಕ್ಕೊಂದು ಅಂದ್ರೆ 16 ವಾರ! ಅಷ್ಟರಲ್ಲಿ ಪರೀಕ್ಷೆ, ರಜೆ ಬಂದು ವೀಕ್ಷಕರ ದಿನಚರಿಯೇ ಬದಲಾಗಿರುತ್ತೆ.

ಅಂಕಿಅಂಶ: ನಿಜ, ಅದಕ್ಕೇ ಒಂದು ಜೋಡಿಯ ಎರಡೂ ವಿಡಿಯೊ ಒಂದರ ಹಿಂದೆ ಒಂದು ಹೋಗಬೇಕು ಅನ್ನೋದು. ಆದ್ರೂ ರಜೆಯಲ್ಲಿ ಗೆದ್ದ ಸ್ಲಾಟ್ ಆಮೇಲೂ ಗೆಲ್ಲುತ್ತೆ ಅಂತ ಹೇಳೋಕಾಗಲ್ಲ. ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ.

ನಾಣ್ಯ ತೆಗೆಯೋ ಮೊದಲು ಕಳೆದ ಐದಾರು ವಿಡಿಯೊಗಳ ಮೊದಲ 7 ದಿನದ ಟ್ರಾಫಿಕ್ ಸೋರ್ಸ್ ನೋಡಿ. ಹೆಚ್ಚುಪಾಲು ಸರ್ಚ್‌ನಿಂದ ಬರ್ತಿದ್ರೆ 16 ವಾರ ಕಾಯೋದು ವ್ಯರ್ಥ. ಜನ ಹುಡುಕಿದಾಗ ವಿಡಿಯೊ ಸಿಗುತ್ತೆ, ಹಾಕಿದ ಗಂಟೆಗೂ ಅದಕ್ಕೂ ಸಂಬಂಧ ಕಡಿಮೆ. ಬ್ರೌಸ್, ನೋಟಿಫಿಕೇಶನ್, ಸಬ್‌ಸ್ಕ್ರಿಪ್ಶನ್ ಫೀಡ್ ದೊಡ್ಡದಿದ್ರೆ ಮಾತ್ರ ಮುಂದುವರೀರಿ.

ನೀಲಿಪರದೆ: ನೋಡಿದೆ, ಅರ್ಧಕ್ಕಿಂತ ಜಾಸ್ತಿ ಬ್ರೌಸ್. ಆದ್ರೆ ಕೆಲವು ವಿಷಯ ಆ ವಾರಕ್ಕೇ ಸೀಮಿತ, ನಾಣ್ಯಕ್ಕೆ ಕಾಯೋಕಾಗಲ್ಲ.

ಕತ್ತರಿ: ಅವನ್ನ ಸಿದ್ಧವಾದ ಕೂಡಲೇ ಹಾಕಿಬಿಡಿ, ಶೀಟಲ್ಲಿ ಗುರುತು ಮಾಡಿ ಜೋಡಿ ಲೆಕ್ಕದಿಂದ ಹೊರಗಿಡಿ.