ಪದಚರ್ಚೆ: ‘ಜವಾಬ್ದಾರಿ ಹೊಂದಿದ್ದೆ’, ‘ಸಹಾಯ ಮಾಡಿದ್ದೇನೆ’ – ಬದಲಿಗೆ ಏನು ಬರೆಯಲಿ? (ನಾಳೆ ಸಂಜೆಗೆ ಬೇಕು)

ಸುಮಾ:
ಎಲ್ಲರಿಗೂ ನಮಸ್ಕಾರ. ಹಾಲು ಉತ್ಪಾದಕರ ಸಹಕಾರ ಸಂಘವೊಂದರಲ್ಲಿ ಸಹಾಯಕಿಯಾಗಿದ್ದವರು ಇನ್ನೊಂದು ಸಂಘದ ಹಾಲು ಪರೀಕ್ಷಕರ ಹುದ್ದೆಗೆ ಅರ್ಜಿ ಹಾಕುತ್ತಿದ್ದಾರೆ. ಇಂಗ್ಲಿಷಿನಲ್ಲಿದ್ದ ಅವರ ಬಯೋಡೇಟಾ ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕು ಸಾಲು ಹೀಗೆ ಬಂದಿವೆ:

ಹಾಲು ಸಂಗ್ರಹಣೆಯ ಜವಾಬ್ದಾರಿ ಹೊಂದಿದ್ದೆ.
ಗುಣಮಟ್ಟ ಪರೀಕ್ಷೆಯಲ್ಲಿ ಸಹಾಯ ಮಾಡಿದ್ದೇನೆ.
ಲೆಕ್ಕಪರಿಶೋಧನೆಯ ಜವಾಬ್ದಾರಿ ನಿರ್ವಹಿಸಿದ್ದೇನೆ.
ಜಾನುವಾರು ವಿಮೆಯಲ್ಲಿ ರೈತರಿಗೆ ನೆರವಾಗಿದ್ದೇನೆ.

ಓದಿದರೆ ಆಕೆ ಏನು ಮಾಡಿದರು ಅಂತಲೇ ತಿಳಿಯುವುದಿಲ್ಲ. ಗಟ್ಟಿ ಕ್ರಿಯಾಪದಗಳು ಬೇಕು.

ರಾಘವೇಂದ್ರ:
ಜವಾಬ್ದಾರಿ ಪಾರಸಿ. ‘ಹೊಣೆ’ ಎನ್ನಿ. ‘ಸಹಾಯ’ಕ್ಕೆ ‘ನೆರವು’, ‘ಪರೀಕ್ಷೆ’ಗೆ ‘ಒರೆಹಚ್ಚುವುದು’. ನಾಲ್ಕೂ ಸಾಲು ಸರಿಹೋಗುತ್ತವೆ.

ಕಿರಣ್:
ಪದ ಅಚ್ಚಗನ್ನಡವಾದರೆ ಸಾಲದು, ಓದಿದವರ ಮೇಲೆ ಪರಿಣಾಮ ಆಗಬೇಕು. ‘ಮುನ್ನಡೆಸಿದೆ’, ‘ಸಾಧಿಸಿದೆ’, ‘ಅನುಷ್ಠಾನಗೊಳಿಸಿದೆ’ ಹಾಕಿ ನೋಡಿ. ಸಂದರ್ಶನಕ್ಕೆ ಕರೆಯುವವರು ಮೊದಲು ನೋಡುವುದು ಕ್ರಿಯಾಪದವನ್ನೇ.

ವಸುಧಾ:
ಇಬ್ಬರ ದಾರಿಯೂ ಬೇಡ. ‘ಹೊಣೆ ಹೊಂದಿದ್ದೆ’ ಎಂದರೂ ಆಕೆ ಹಾಲು ಅಳೆದರೋ, ಪುಸ್ತಕ ಬರೆದರೋ, ಕ್ಯಾನ್ ತೊಳೆದರೋ ತಿಳಿಯದು. ಅದೂ ಅಲ್ಲದೆ ಹಳಗನ್ನಡದ ‘ಪೊಣೆ’ ಎಂದರೆ ಜಾಮೀನು. ಹೊಣೆ ಯಾರದು ಎಂದು ಅದು ಹೇಳುತ್ತದೆ, ನಡೆದ ಕೆಲಸವನ್ನು ಹೇಳುವುದಿಲ್ಲ. ಇನ್ನು ಒರೆಗಲ್ಲಿಗೆ ಹಚ್ಚುವುದು ಚಿನ್ನವನ್ನು, ರಾಘವೇಂದ್ರರೇ.

ಕಿರಣ್, ಕ್ರಿಯಾಪದವನ್ನೇ ನೋಡುತ್ತಾರೆ ಎಂಬುದು ನಿಜ. ಆದರೆ ಸಹಾಯಕಿ ‘ಮುನ್ನಡೆಸಿದೆ’ ಎಂದು ಬರೆದರೆ, ಸಂಘದ ಕೆಲಸ ಬಲ್ಲ ಯಾರಾದರೂ ‘ಯಾರನ್ನು?’ ಎಂದು ಕೇಳುತ್ತಾರೆ. ಅಲ್ಲಿಗೆ ಮುಗಿಯಿತು.

ಸುಮಾ, ಪದ ಹುಡುಕುವುದಕ್ಕೆ ಮೊದಲು ಆಕೆಯನ್ನು ಕೇಳಿ ಬನ್ನಿ. ಪರೀಕ್ಷೆಯಲ್ಲಿ ಅವರ ಕೈಯಿಂದ ನಡೆದ ಕೆಲಸ ಯಾವುದು? ಮಾದರಿ ತೆಗೆದದ್ದೋ, ಲ್ಯಾಕ್ಟೋಮೀಟರ್ ಓದಿದ್ದೋ, ಫ್ಯಾಟ್ ಅಳೆಯುವ ಬ್ಯುಟಿರೋಮೀಟರ್‌ಗೆ ಆಸಿಡ್ ಹಾಕಿದ್ದೋ? ಆಡಿಟ್ಟಿನಲ್ಲಿ ಏನು ಮಾಡಿದರು? ವಿಮೆಯಲ್ಲಿ?

ಜಯಲಕ್ಷ್ಮಿ:
ನಮ್ಮ ಬಡಾವಣೆಯ ಉದ್ಯಾನಕ್ಕೆ ಫಲಕ ಬರೆಸುತ್ತಿದ್ದೇವೆ. ‘ನಿರ್ವಹಣೆಯ ಹೊಣೆ: ನಿವಾಸಿಗಳ ಸಂಘ’ ಎಂದಿದೆ. ಈ ಚರ್ಚೆ ನೋಡಿ ಅದನ್ನೂ ತೆಗೆದು ‘ನಿವಾಸಿಗಳ ಸಂಘ ಈ ಉದ್ಯಾನವನ್ನು ನೋಡಿಕೊಳ್ಳುತ್ತದೆ’ ಎಂದು ಮಾಡಿಸಲೇ?

ವಸುಧಾ:
ಬೇಡ. ನಲ್ಲಿ ಒಡೆದರೆ ಯಾರನ್ನು ಕೇಳಬೇಕು ಎಂಬುದನ್ನು ಫಲಕ ಹೇಳಬೇಕು. ಅಲ್ಲಿ ‘ಹೊಣೆ’ಯೇ ಸರಿ.

ಸುಮಾ:
ಕೇಳಿದೆ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಾಲು ಅಳೆದು ಪುಸ್ತಕಕ್ಕೆ ಬರೆಯುತ್ತಿದ್ದರಂತೆ. ಪ್ರತಿಯೊಬ್ಬರ ಹಾಲಿನ ಮಾದರಿ ತೆಗೆದು ಲ್ಯಾಕ್ಟೋಮೀಟರ್ ಓದುವುದೂ ಅವರದೇ ಕೆಲಸ. ಫ್ಯಾಟ್ ಪರೀಕ್ಷೆ ಮಾಡುತ್ತಿದ್ದದ್ದು ಪರೀಕ್ಷಕರು. ಅವರು ರಜೆ ಹಾಕಿದ ದಿನ ಮಾತ್ರ ಈಕೆ ಗರ್ಬರ್ ವಿಧಾನದಲ್ಲಿ ತಾವೇ ಮಾಡಿದ್ದಾರೆ. ಆಡಿಟ್ಟಿಗೆ ವೋಚರ್ ಜೋಡಿಸಿ, ಹಣ ಬಟವಾಡೆ ಪುಸ್ತಕವನ್ನು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿದ್ದಾರೆ. ವಿಮೆಗೆ ರೈತರ ಅರ್ಜಿ ಬರೆದಿದ್ದಾರೆ, ಹಸುಗಳ ಕಿವಿಗೆ ಗುರುತಿನ ಓಲೆ ಹಾಕಲು ಪಶುವೈದ್ಯರನ್ನು ಕರೆತಂದಿದ್ದಾರೆ.

ವಸುಧಾ:
ಈಗ ಕೆಲಸ ಸುಲಭ. ಇಂಗ್ಲಿಷಿನಲ್ಲಿ ಬೇರೆ ಬೇರೆ ಪದ ಹುಡುಕಬೇಕಾದ ಕಡೆ ಕನ್ನಡದಲ್ಲಿ ಧಾತುವಿನ ರೂಪ ಬದಲಿಸಿದರೆ ಸಾಕು.

ತಾನೇ ಮಾಡಿದ್ದಕ್ಕೆ ಬರಿಯ ಧಾತು: ಅಳೆ, ಓದು, ಬರೆ. ಇನ್ನೊಬ್ಬರಿಂದ ಆಗುವಂತೆ ನೋಡಿಕೊಂಡದ್ದಕ್ಕೆ -ಇಸು: ‘ಓಲೆ ಹಾಕಿಸಿದ್ದೇನೆ’. ‘ಜವಾಬ್ದಾರಿ’ ಎಂದು ನಾವು ಬರೆಯುವುದರಲ್ಲಿ ಬಹುಪಾಲು ಈ ಎರಡನೆಯದೇ. ಇನ್ನೊಬ್ಬರಿಗಾಗಿ ಮಾಡಿದ್ದಕ್ಕೆ -ಕೊಡು: ‘ಅರ್ಜಿ ಬರೆದುಕೊಟ್ಟಿದ್ದೇನೆ’. ‘ಸಹಾಯ ಮಾಡಿದೆ’ ಎಂಬುದು ಈ ‘ಕೊಟ್ಟಿದ್ದೇನೆ’ಯೊಳಗೇ ಕೂತಿದೆ, ಮತ್ತೆ ಹೇಳಬೇಕಾಗಿಲ್ಲ.

ಆಡಿಟ್ ಸಾಲು ಈಗಿರುವಂತೆ ತಪ್ಪು. ಸಹಕಾರ ಸಂಘಗಳ 1959ರ ಕಾಯ್ದೆಯ 63ನೇ ಕಲಮಿನಂತೆ ಪರಿಶೋಧನೆ ಮಾಡುವವರು ಲೆಕ್ಕಪರಿಶೋಧಕರು, ಸಂಘದ ಸಿಬ್ಬಂದಿ ಅಲ್ಲ. ‘ಆಡಿಟ್ ಮಾಡಿಸಿದೆ’ ಎಂದರೂ ಹೆಚ್ಚಾಯಿತು, ಅದು ಕಾರ್ಯದರ್ಶಿ ಹೇಳುವ ಮಾತು. ಆಕೆ ಮಾಡಿದ್ದು ದಾಖಲೆ ಹೊಂದಿಸಿಕೊಟ್ಟದ್ದು.

ಕಿರಣ್:
-ಇಸು ಎಂದರೆ ಬೇರೆಯವರ ಕೈಯಿಂದ ಎಂದಾದರೆ ‘ಪರೀಕ್ಷಿಸಿದೆ’ ಕೂಡ ಬೇರೆಯವರು ಮಾಡಿದ್ದು ಎಂದಾಗುವುದಿಲ್ಲವೇ? ಅದನ್ನೂ ಬಿಡಬೇಕಾಗುತ್ತದೆ.

ವಸುಧಾ:
ಬಿಡಬೇಕಾಗಿಲ್ಲ. ‘ಪರೀಕ್ಷೆ’ ನಾಮಪದ, ಅದಕ್ಕೆ -ಇಸು ಸೇರಿದರೆ ಬರಿಯ ಕ್ರಿಯಾಪದ ಆಗುತ್ತದೆ ಅಷ್ಟೇ. ‘ತೂಗು’ ಮೊದಲೇ ಕ್ರಿಯಾಪದ, ಅದಕ್ಕೆ ಸೇರಿದರೆ ‘ತೂಗಿಸು’, ಅಲ್ಲಿ ಮಾತ್ರ ಎರಡನೆಯ ಕೈ ಬರುತ್ತದೆ. ಇಲ್ಲಿ ‘ಪರೀಕ್ಷಿಸಿದೆ’ಯ ತೊಂದರೆ ಬೇರೆ. ಅದು ಮಾದರಿ ತೆಗೆಯುವುದರಿಂದ ಫ್ಯಾಟ್ ಓದುವವರೆಗೆ ಎಲ್ಲವನ್ನೂ ನುಂಗುತ್ತದೆ. ಆಕೆ ಎಲ್ಲವನ್ನೂ ದಿನಾ ಮಾಡಿಲ್ಲ.

ಸುಮಾ:
ಕೊನೆಯಲ್ಲಿ ‘ಅಳೆದೆ’ ಎನ್ನಲೋ, ‘ಅಳೆದಿದ್ದೇನೆ’ ಎನ್ನಲೋ?

ವಸುಧಾ:
ಎರಡೂ ಅಲ್ಲ, ‘ಅಳೆಯುತ್ತಿದ್ದೆ’. ‘ಹಾಲು ಅಳೆದೆ’ ಎಂದರೆ ಒಂದು ದಿನದ ಕೆಲಸದಂತೆ ಕೇಳುತ್ತದೆ. ಇಂಗ್ಲಿಷಿನ ಭೂತಕಾಲ ಎರಡಕ್ಕೂ ನಡೆಯುತ್ತದೆ, ಕನ್ನಡದ್ದು ನಡೆಯುವುದಿಲ್ಲ. ದಿನವಹಿ ಕೆಲಸಕ್ಕೆ -ಉತ್ತಿದ್ದೆ, ಆಗಾಗ ಮಾಡಿ ಅನುಭವ ಪಡೆದದ್ದಕ್ಕೆ -ಇದ್ದೇನೆ. ಹೀಗೆ ಬರೆಯಿರಿ:

ಎರಡು ಹೊತ್ತೂ ಹಾಲು ಅಳೆದು, ಪ್ರಮಾಣವನ್ನು ಸಂಗ್ರಹಣಾ ಪುಸ್ತಕದಲ್ಲಿ ಬರೆಯುತ್ತಿದ್ದೆ.
ಪ್ರತಿ ಉತ್ಪಾದಕರ ಹಾಲಿನ ಮಾದರಿ ತೆಗೆದು ಲ್ಯಾಕ್ಟೋಮೀಟರ್ ಓದುತ್ತಿದ್ದೆ. ಪರೀಕ್ಷಕರ ರಜೆಯಲ್ಲಿ ಗರ್ಬರ್ ವಿಧಾನದಿಂದ ಫ್ಯಾಟ್ ಪರೀಕ್ಷಿಸಿದ್ದೇನೆ.
ಬಟವಾಡೆ ಪುಸ್ತಕವನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ, ಆಡಿಟ್ಟಿಗೆ ವೋಚರ್‌ಗಳನ್ನು ಹೊಂದಿಸಿಕೊಟ್ಟಿದ್ದೇನೆ.
ಜಾನುವಾರು ವಿಮೆಗೆ ರೈತರ ಅರ್ಜಿ ಬರೆದುಕೊಟ್ಟು, ಪಶುವೈದ್ಯರಿಂದ ಹಸುಗಳಿಗೆ ಕಿವಿಯೋಲೆ ಹಾಕಿಸಿದ್ದೇನೆ.

ಎರಡನೆಯ ಸಾಲಿನಲ್ಲಿ ರಜೆಯ ಮಾತು ಬಿಡಬೇಡಿ. ಪರೀಕ್ಷಕರ ಹುದ್ದೆಯ ಸಂದರ್ಶನ, ಕೇಳಿಯೇ ಕೇಳುತ್ತಾರೆ. ಬ್ಯುಟಿರೋಮೀಟರ್‌ಗೆ ಮೊದಲು 10 ಮಿಲಿ ಗಂಧಕಾಮ್ಲ, ಅದರ ಮೇಲೆ ನಿಧಾನವಾಗಿ 10.75 ಮಿಲಿ ಹಾಲು, ಕೊನೆಗೆ 1 ಮಿಲಿ ಅಮೈಲ್ ಆಲ್ಕೋಹಾಲ್. ಈ ಕ್ರಮ ತಡೆಯದೆ ಹೇಳುವವರು ‘ಪರೀಕ್ಷಿಸಿದ್ದೇನೆ’ ಎಂದು ಬರೆಯಬಹುದು. ಹೇಳಲು ಬಾರದಿದ್ದರೆ ಆ ವಾಕ್ಯ ತೆಗೆದುಬಿಡಲಿ.

ರಾಘವೇಂದ್ರ:
ಧಾತುರೂಪದ ಮಾತು ಒಪ್ಪಿದೆ. ಆದರೆ ನಾಲ್ಕು ಸಾಲಿನಲ್ಲಿ ವೋಚರ್, ಆಡಿಟ್, ಪಾಸ್‌ಬುಕ್, ಬಟವಾಡೆ! ಬಟವಾಡೆ ಮರಾಠಿಯಿಂದ ಬಂದದ್ದು. ‘ಹಂಚಿಕೆ ಪುಸ್ತಕ’ ಎನ್ನಲು ಏನು ಅಡ್ಡಿ?

ವಸುಧಾ:
ಅಡ್ಡಿ ಇದೆ. ಹಂಚಿಕೆ ಎಂದರೆ ಇದ್ದದ್ದನ್ನು ಪಾಲು ಮಾಡುವುದು. ಬಟವಾಡೆ ಎಂದರೆ ಅವರವರು ದುಡಿದ ಹಣವನ್ನು ಅವರವರ ಕೈಗೆ ಮುಟ್ಟಿಸುವುದು. ಸಂಘದ ಪುಸ್ತಕಕ್ಕೆ ಊರಿನವರು ಇಟ್ಟ ಹೆಸರನ್ನು ಅರ್ಜಿಯಲ್ಲಿ ಬದಲಿಸಿದರೆ ಓದುವವರು ಅದು ಬೇರೆ ಯಾವುದೋ ಪುಸ್ತಕ ಎಂದುಕೊಳ್ಳುತ್ತಾರೆ.

ರಾಘವೇಂದ್ರ:
ಹೀಗೆ ಒಂದೊಂದನ್ನೇ ಬಿಟ್ಟುಕೊಟ್ಟೇ ‘ಕೊಡುಕೊಳೆ’ಯಂಥ ಪದಗಳನ್ನು ಮರೆತದ್ದು. ಇದನ್ನು ಬೇರೆ ಎಳೆಯಲ್ಲಿ ಎತ್ತುತ್ತೇನೆ.

ಸುಮಾ:
ನಾಲ್ಕೂ ಸಾಲು ಆಕೆಗೆ ಓದಿ ಹೇಳಿದೆ. ಆಸಿಡ್, ಹಾಲು, ಆಲ್ಕೋಹಾಲ್ ಕ್ರಮವನ್ನು ನಾನು ಕೇಳುವ ಮೊದಲೇ ಹೇಳಿದರು, ಆ ವಾಕ್ಯ ಉಳಿಸಿದ್ದೇನೆ. ವಿಮೆ ಸಾಲಿನಲ್ಲಿ ಮಾತ್ರ ‘ಹಾಕಿಸಿದ್ದೇನೆ’ ಬೇಡವಂತೆ. ಪಶುವೈದ್ಯರನ್ನು ಕರೆತಂದು ಹಸು ಹಿಡಿದುಕೊಂಡದ್ದಷ್ಟೇ, ಓಲೆ ಹಾಕಿಸಿದ್ದು ಕಾರ್ಯದರ್ಶಿ ಎಂದರು. ‘ಪಶುವೈದ್ಯರನ್ನು ಕರೆತಂದು, ಕಿವಿಯೋಲೆ ಹಾಕುವಾಗ ಹಸುಗಳನ್ನು ಹಿಡಿದುಕೊಟ್ಟಿದ್ದೇನೆ’ ಎಂದರೆ ಆಗುತ್ತದೆಯೇ?

ವಸುಧಾ:
ಆಗುತ್ತದೆ. ಹಾಗೇ ಕಳಿಸಿ.