ಮಗನ ತಲೆಯ ಹುಳುಕಡ್ಡಿ: ಟ್ಯೂಬ್ ಸಾಲದಾ, ಮಾತ್ರೆ ಬೇಕೇ ಬೇಕಾ?

ಕೇಳಿದವರು, ಗಂಗಾವತಿ
ಮಗನಿಗೆ ಆರು ವರ್ಷ, ತೂಕ 18 ಕಿಲೋ. ತಲೆಯ ಹಿಂಭಾಗದಲ್ಲಿ ಎರಡು ಕಡೆ ರೂಪಾಯಿ ಬಿಲ್ಲೆಯಷ್ಟು ಕೂದಲು ಹೋಗಿದೆ. ಅಲ್ಲಿ ಹೊಟ್ಟು ಏಳುತ್ತದೆ, ನಡುವೆ ಕಪ್ಪು ಚುಕ್ಕಿಗಳು ಕಾಣುತ್ತವೆ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದೆ. ಕೆರೆತ ಕಡಿಮೆಯಾಯಿತು, ಆದರೆ ಜಾಗ ದೊಡ್ಡದಾಗುತ್ತಿದೆ. ಚರ್ಮದ ಡಾಕ್ಟರು ವಾರಗಟ್ಟಲೆ ಮಾತ್ರೆ ಕೊಡಬೇಕು ಅಂತಾರೆ. ಇಷ್ಟು ಸಣ್ಣ ಹುಡುಗನಿಗೆ ಮಾತ್ರೆ ಯಾಕೆ ಅಂತ ಅತ್ತೆ ಬೇಡ ಅಂತಿದ್ದಾರೆ. ನಿಮ್ಮ ಮಕ್ಕಳಿಗೆ ಆಗಿದ್ದರೆ ಏನು ಮಾಡಿದಿರಿ, ಹೇಳಿ.

ರಾಯಚೂರು, ಕಟಿಂಗ್ ಶಾಪ್ ನಡೆಸುವವರು
ಅಕ್ಕಾ, ಇದು ನಮಗೆ ದಿನಾ ಕಣ್ಣಿಗೆ ಬೀಳುವ ವಿಷಯ. ಮೊದಲು ತಲೆ ಪೂರ್ತಿ ಬೋಳಿಸಿಬಿಡಿ. ಕೂದಲು ಇದ್ದರೆ ತಾನೇ ಹುಳುಕಡ್ಡಿ ಅದರಲ್ಲಿ ಇರೋದು? ಬೋಳಿಸಿ, ಎಳೆ ಬಿಸಿಲು ತೋರಿಸಿ, ಆಮೇಲೆ ಅದೇ ಟ್ಯೂಬ್ ಹಚ್ಚಿ, ಹಿಡಿಯುತ್ತದೆ. ಇನ್ನೊಂದು ಮಾತು: ಯಾವ ಅಂಗಡಿಯಲ್ಲಿ ಮಷೀನ್ ಹಾಕಿಸಿದ್ದಿರಿ ನೋಡಿಕೊಳ್ಳಿ. ಒಬ್ಬ ಹುಡುಗನ ತಲೆಗೆ ಹಾಕಿದ್ದನ್ನು ಒರೆಸದೆ ಇನ್ನೊಬ್ಬನಿಗೆ ಹಾಕಿದರೆ ಇದು ಅಂಟುತ್ತದೆ. ನಾನಂತೂ ಪ್ರತಿ ಸಲ ಬ್ಲೇಡಿನ ಸಂದಿಯ ಕೂದಲನ್ನು ಬ್ರಷ್‌ನಿಂದ ಜಾಡಿಸಿ, ಸ್ಪಿರಿಟ್‌ನಲ್ಲಿ ಅದ್ದಿಯೇ ಮುಂದಿನವರಿಗೆ ಕೈ ಹಾಕೋದು.

ಸಿಂಧನೂರು, ಇಬ್ಬರು ಮಕ್ಕಳ ತಾಯಿ
ನನ್ನ ಮಗಳಿಗೆ ಎರಡನೇ ಕ್ಲಾಸಿನಲ್ಲಿ ಇದೇ ಆಗಿತ್ತು. ಎಣ್ಣೆ ಹಚ್ಚಿ ಬಾಚುವಾಗ ಹೊಟ್ಟು ಅಂದುಕೊಂಡೆವು. ಆದರೆ ಹೊಟ್ಟು ತಲೆ ತುಂಬಾ ಇರುತ್ತದೆ, ಕೂದಲು ಹೀಗೆ ಮುರಿಯುವುದಿಲ್ಲ ಅಲ್ವಾ? ಇವಳಿಗೆ ಒಂದೇ ಕಡೆ ಹಳದಿ ಬಿಳಿ ಪೊರೆ, ಅಲ್ಲಿನ ಕೂದಲು ಬುಡದಲ್ಲೇ ತುಂಡು. ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಸಣ್ಣ ಗಂಟುಗಳೂ ಸಿಗುತ್ತಿದ್ದವು.

ಡಾಕ್ಟರು ಗ್ರೈಸಿಯೋಫಲ್ವಿನ್ ಬರೆದರು. ಊಟದ ಜೊತೆ ಕೊಡಿ, ಊಟದಲ್ಲಿ ತುಪ್ಪವೋ ಕೆನೆ ಹಾಲೋ ಇರಲಿ, ಜಿಡ್ಡು ಇದ್ದರೆ ಮಾತ್ರೆ ಚೆನ್ನಾಗಿ ಮೈಗೆ ಹತ್ತುತ್ತದೆ ಅಂದರು. ನಾವು ರೊಟ್ಟಿಯ ಮೇಲೆ ತುಪ್ಪ ಹಾಕಿ ಕೊಡುತ್ತಿದ್ದೆವು. ಶುರು ಮಾಡಿದ ಮೇಲೆ ಒಂದು ಗಾಬರಿಯಾಯಿತು. ಕಿವಿ, ಹಣೆ, ಕುತ್ತಿಗೆಯ ಮೇಲೆ ಸಣ್ಣ ಸಣ್ಣ ಕೆರೆಯುವ ಗುಳ್ಳೆ ಎದ್ದವು. ಮಾತ್ರೆ ಉಷ್ಣ, ನಿಲ್ಲಿಸಿ ಅಂತ ಮನೆಯಲ್ಲಿ ಎಲ್ಲರ ಮಾತು. ಡಾಕ್ಟರಿಗೆ ತೋರಿಸಿದಾಗ, ಇದು ಮಾತ್ರೆಯ ಅಲರ್ಜಿ ಅಲ್ಲ, ತಲೆಯ ಫಂಗಸ್‌ಗೆ ಮೈ ತೋರಿಸುವ ಪ್ರತಿಕ್ರಿಯೆ, ಮಾತ್ರೆ ನಿಲ್ಲಿಸಬೇಡಿ ಅಂದರು. ಮುಂದುವರಿಸಿದೆವು, ಗುಳ್ಳೆ ತಾನಾಗಿಯೇ ಹೋಯಿತು. ಕೂದಲು ಮತ್ತೆ ತುಂಬಲು ಕೆಲವು ತಿಂಗಳು ಹಿಡಿಯಿತು.

ಕೊಪ್ಪಳ, ಒಬ್ಬ ಓದುಗ
ನಮ್ಮ ಭಾವನಿಗೂ ಗಡ್ಡದಲ್ಲಿ, ತಲೆಯಲ್ಲಿ ಹೀಗೇ ದುಂಡಗೆ ಕೂದಲು ಹೋಗಿತ್ತು. ಡಾಕ್ಟರು ಅಲ್ಲೇ ಸಣ್ಣ ಸೂಜಿಯಿಂದ ಇಂಜೆಕ್ಷನ್ ಮಾಡಿದರು, ಕೂದಲು ಬಂತು. ಮಾತ್ರೆ ಏನೂ ಕೊಡಲಿಲ್ಲ. ನೀವೂ ಇಂಜೆಕ್ಷನ್ ಕೇಳಿ ನೋಡಿ.

ಬಳ್ಳಾರಿ, ನಿವೃತ್ತ ಚರ್ಮರೋಗ ವೈದ್ಯೆ
ಕೊಪ್ಪಳದವರೇ, ನಿಮ್ಮ ಭಾವನ ಚರ್ಮ ಅಲ್ಲಿ ನುಣ್ಣಗಿತ್ತಾ? ಹೊಟ್ಟಿಲ್ಲದೆ, ಕೆರೆತವಿಲ್ಲದೆ ಇದ್ದರೆ ಅದು ಬೇರೆ ಕಾಯಿಲೆ. ಅದರಲ್ಲಿ ದೇಹವೇ ಕೂದಲಿನ ಬೇರಿನ ಮೇಲೆ ತಿರುಗಿ ಬೀಳುತ್ತದೆ, ಫಂಗಸ್ ಇರುವುದಿಲ್ಲ. ಅದಕ್ಕೆ ಕೊಡುವ ಇಂಜೆಕ್ಷನ್ ಸ್ಟೀರಾಯ್ಡ್. ಈ ಹುಡುಗನಿಗೆ ಅದನ್ನು ಕೊಟ್ಟರೆ ಫಂಗಸ್‌ಗೆ ಹಬ್ಬ.

ಗಂಗಾವತಿಯ ತಂಗೀ, ಮೊದಲು ಆ ಟ್ಯೂಬಿನ ಮೇಲೆ ಏನು ಬರೆದಿದೆ ಓದು. ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್ ಬೆರೆಸಿದ ಮುಲಾಮು. ಕೆರೆತ ಇಳಿದು ಜಾಗ ಹರಡಿತು ಅಂತ ನೀನು ಬರೆದಿರುವುದು ಅದಕ್ಕೆ ಸರಿಯಾಗಿ ಹೊಂದುತ್ತದೆ. ಕೆರೆತವನ್ನೂ ಕೆಂಪನ್ನೂ ಅದು ಅಡಗಿಸುತ್ತದೆ, ಫಂಗಸ್ ಒಳಗೆ ಬೆಳೆಯುತ್ತಲೇ ಇರುತ್ತದೆ. ಹಾಗೆ ಇದ್ದರೆ ನಿಲ್ಲಿಸು, ನಿನ್ನ ಡಾಕ್ಟರಿಗೂ ತೋರಿಸು.

ಈಗ ಮಾತ್ರೆಯ ವಿಷಯ. ಕೈಕಾಲಿನ ಹುಳುಕಡ್ಡಿ ಚರ್ಮದ ಮೇಲಿನ ಸತ್ತ ಪದರದಲ್ಲಿ ಕೂತಿರುತ್ತದೆ, ಮುಲಾಮು ಅಲ್ಲಿಗೆ ಮುಟ್ಟುತ್ತದೆ. ತಲೆಯಲ್ಲಿ ಹಾಗಲ್ಲ. ಫಂಗಸ್ ಕೂದಲಿನ ಗುಂಡಿಯೊಳಗೆ ಇಳಿದು ಕೂದಲಿನ ಒಳಕ್ಕೇ ಹೋಗುತ್ತದೆ, ಹೊಸ ಕೂದಲು ತಯಾರಾಗುವ ಜಾಗದ ಸ್ವಲ್ಪ ಮೇಲಿನವರೆಗೂ. ಗೆದ್ದಲು ಒಳಗಿಂದ ತಿಂದ ತೊಲೆಗೆ ಮೇಲೆ ಬಣ್ಣ ಬಳಿದ ಹಾಗೆ ನಿನ್ನ ಟ್ಯೂಬು. ಟೊಳ್ಳಾದ ಕೂದಲು ಚರ್ಮದ ಮಟ್ಟಕ್ಕೇ ಮುರಿಯುತ್ತದೆ. ಗುಂಡಿಯಲ್ಲಿ ಉಳಿದ ಅದರ ಮೋಟೇ ನಿನಗೆ ಕಾಣುವ ಕಪ್ಪು ಚುಕ್ಕಿ.

ಮಾತ್ರೆ ರಕ್ತದ ಮೂಲಕ ಬೇರಿಗೆ ಹೋಗುತ್ತದೆ. ಗ್ರೈಸಿಯೋಫಲ್ವಿನ್ ಹೊಸದಾಗಿ ತಯಾರಾಗುವ ಕೂದಲಿನಲ್ಲಿ ಸೇರಿಕೊಳ್ಳುತ್ತದೆ. ಆ ಕೂದಲಿಗೆ ಫಂಗಸ್ ಹತ್ತಲಾರದು, ಹಳೆಯದು ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಅದಕ್ಕೇ ಈ ಮಾತ್ರೆಯನ್ನು ಸಾಮಾನ್ಯವಾಗಿ 6ರಿಂದ 8 ವಾರ ಕೊಡುವುದು. ಹೊಟ್ಟು ನಿಂತಿತು ಅಂತ ಮೂರನೇ ವಾರಕ್ಕೆ ಬಿಟ್ಟವರು ಮತ್ತೆ ಬರುತ್ತಿದ್ದರು.

ರಾಯಚೂರಿನ ಅಣ್ಣನವರು ಮಷೀನ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಬೋಳಿಸುವುದು ಮಾತ್ರ ಉಪಯೋಗವಿಲ್ಲ. ಕತ್ತಿ ಮೇಲಿನದನ್ನು ತೆಗೆಯುತ್ತದೆ, ಬುಡ ಗುಂಡಿಯಲ್ಲೇ ಉಳಿಯುತ್ತದೆ. ಬೇಕಾದರೆ ಹಚ್ಚಲು ಅನುಕೂಲ ಅನ್ನಬಹುದು, ಅಷ್ಟೇ.

ಮಾನ್ವಿ, ಒಬ್ಬ ಚಿಕ್ಕಪ್ಪ
ನಮ್ಮ ಅಣ್ಣನ ಮಗನ ಕಥೆ ಕೇಳಿ. ಅವನಿಗೂ ಟ್ಯೂಬು ಹಚ್ಚುತ್ತಾ ಕೂತರು. ಒಂದು ದಿನ ಅದೇ ಜಾಗ ಊದಿ, ಒತ್ತಿದರೆ ಮೆತ್ತಗೆ, ಕೀವು ಜಿನುಗತೊಡಗಿತು. ಜ್ವರವೂ ಬಂತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಕುರು ಅಂತ ಕೊಯ್ದು ಡ್ರೆಸ್ಸಿಂಗ್ ಮಾಡಿದರು, ಆಂಟಿಬಯಾಟಿಕ್ ಕೊಟ್ಟರು. ಇಳಿಯಲಿಲ್ಲ. ಕೊನೆಗೆ ರಾಯಚೂರಿನಲ್ಲಿ ಚರ್ಮದ ಡಾಕ್ಟರು ಅಲ್ಲಿಂದ ಕೂದಲು ಕಿತ್ತು ಪರೀಕ್ಷೆ ಮಾಡಿಸಿದಾಗ ಫಂಗಸ್ ಅಂತ ಗೊತ್ತಾಯಿತು. ಈಗ ಅಲ್ಲಿ ನುಣ್ಣಗೆ ಹೊಳೆಯುವ ಕಲೆ ಇದೆ. ಮಾತ್ರೆಗೆ ಹೆದರಿ ಕೂರಬೇಡಿ ಅಂತ ಅತ್ತೆಗೆ ಇದನ್ನೇ ಓದಿ ಹೇಳಿ.

ಕೇಳಿದವರು, ಗಂಗಾವತಿ
ಡಾಕ್ಟ್ರೇ, ಟ್ಯೂಬಿನಲ್ಲಿ ಕ್ಲೋಬೆಟಾಸಾಲ್ ಅಂತಲೇ ಇದೆ. ಬಿಟ್ಟೆ. ನಮಗೆ ಬರೆದಿರುವುದು ಗ್ರೈಸಿಯೋಫಲ್ವಿನ್ ಅಲ್ಲ, ಟರ್ಬಿನಾಫಿನ್. 250 ಮಿಲಿಗ್ರಾಮಿನ ಮಾತ್ರೆಯ ಕಾಲು ಭಾಗ, ದಿನಕ್ಕೊಮ್ಮೆ, 4 ವಾರ. ಸಿಂಧನೂರಿನ ಅಕ್ಕನ ಮಗಳಿಗಿಂತ ಇದು ಯಾಕೆ ಕಡಿಮೆ ದಿನ? ಲಿವರ್‌ಗೆ ಪೆಟ್ಟು ಅಂತ ಎಲ್ಲರೂ ಹೆದರಿಸುತ್ತಾರೆ. ಮತ್ತೆ, ಅಜ್ಜಿಯ ಮನೆಯಲ್ಲಿ ಒಂದು ಬೆಕ್ಕಿನ ಮರಿ ಇದೆ. ಇವನು ಅದನ್ನು ಎತ್ತಿಕೊಂಡೇ ಇರುತ್ತಾನೆ. ಅದರ ಕಿವಿಯ ಮೇಲೂ ಕೂದಲು ಉದುರಿದೆ.

ಬಳ್ಳಾರಿ, ನಿವೃತ್ತ ಚರ್ಮರೋಗ ವೈದ್ಯೆ
ಕಾಲು ಮಾತ್ರೆ ಅಂದರೆ 62.5 ಮಿಲಿಗ್ರಾಂ. 20 ಕಿಲೋದೊಳಗಿನ ಮಗುವಿಗೆ ಕೊಡುವ ಲೆಕ್ಕ ಅದೇ. 20ರಿಂದ 40 ಕಿಲೋವರೆಗೆ ಅರ್ಧ. ಟರ್ಬಿನಾಫಿನ್ ಕೂದಲಿನಲ್ಲೂ ಚರ್ಮದಲ್ಲೂ ನಿಲ್ಲಿಸಿದ ಮೇಲೂ ಕೆಲ ಕಾಲ ಉಳಿಯುತ್ತದೆ, ಅದಕ್ಕೆ ಕಡಿಮೆ ವಾರ ಸಾಕು. ಲಿವರ್ ತೊಂದರೆ ಬಲು ಅಪರೂಪ. ಆದರೂ ಹಿಂದೆ ಕಾಮಾಲೆ ಏನಾದರೂ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳು. ಕೆಲವರು ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಕೆಲವರು ಆರೋಗ್ಯವಾಗಿರುವ ಮಗುವಿಗೆ ಬೇಡ ಅಂತಾರೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಊಟ ಸೇರದೆ ವಾಂತಿಯಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಹೋಗಬೇಕು. ಬಾಯಿರುಚಿ ಕೆಟ್ಟರೂ ಹೇಳು.

ಬೆಕ್ಕಿನ ಮಾತು ಹೇಳಿದ್ದು ಒಳ್ಳೆಯದಾಯಿತು. ಬೆಕ್ಕಿನಿಂದ ಬರುವ ಫಂಗಸ್ ಬೇರೆ ಜಾತಿ, ಮೈಕ್ರೋಸ್ಪೋರಮ್. ಅದು ಜಾಸ್ತಿ ಕೂದಲಿನ ಹೊರಗೇ ಪೊರೆಯಾಗಿ ಕೂರುತ್ತದೆ. ಕೂದಲು ಚರ್ಮದಿಂದ ಸ್ವಲ್ಪ ಮೇಲೆ ಮುರಿದು ಬೂದು ಬಣ್ಣಕ್ಕೆ ಕಾಣುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವ ಟ್ರೈಕೋಫೈಟಾನ್ ಕೂದಲಿನ ಒಳಗಿರುತ್ತದೆ, ಕಪ್ಪು ಚುಕ್ಕಿ ಅದರ ಗುರುತು. ನಿನ್ನ ಮಗನಿಗೆ ಚುಕ್ಕಿ ಇರುವುದರಿಂದ ನನಗೆ ಬೆಕ್ಕಿಗಿಂತ ಶಾಲೆಯ ಅಥವಾ ಕಟಿಂಗ್‌ನ ಕಡೆ ಅನುಮಾನ. ಕಣ್ಣಂದಾಜು ಮಾತ್ರ ಇದು. ಟ್ರೈಕೋಫೈಟಾನ್‌ಗೆ ಟರ್ಬಿನಾಫಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಮೈಕ್ರೋಸ್ಪೋರಮ್‌ಗೆ ಗ್ರೈಸಿಯೋಫಲ್ವಿನ್ ಮೇಲು. ಅದಕ್ಕೇ ಬೆಕ್ಕಿನ ಮರಿಯ ವಿಷಯ ನಿನ್ನ ಡಾಕ್ಟರಿಗೆ ಹೇಳಲೇಬೇಕು.

ಪರೀಕ್ಷೆ ಆಗಿದೆಯಾ? ಅಂಚಿನ ಹೊಟ್ಟನ್ನು ಕೆರೆದು, ಮುರಿದ ಮೋಟುಗಳನ್ನು ಚಿಮ್ಮಟದಿಂದ ಕಿತ್ತು ಕೊಡಬೇಕು. ಉದ್ದ ಕೂದಲು ಕತ್ತರಿಸಿ ಕೊಟ್ಟರೆ ಏನೂ ಸಿಗುವುದಿಲ್ಲ. ಪೊಟ್ಯಾಶ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವತ್ತೇ ಫಂಗಸ್ ಹೌದೋ ಅಲ್ಲವೋ ಗೊತ್ತಾಗಬಹುದು. ಜಾತಿ ಗೊತ್ತಾಗಲು ಕಲ್ಚರ್ ಬೇಕು, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡುವುದು, ಅದಕ್ಕೆ 2ರಿಂದ 4 ವಾರ. ಟ್ಯೂಬು ಹಚ್ಚಿರುವುದರಿಂದ ಏನೂ ಸಿಗದೆಯೂ ಹೋಗಬಹುದು. ಸಿಗಲಿಲ್ಲ ಅಂದ ಮಾತ್ರಕ್ಕೆ ರೋಗವಿಲ್ಲ ಅಂತಲ್ಲ. ಕಲ್ಚರ್ ಬರುವವರೆಗೂ ಕಾಯದೆ ಮಾತ್ರೆ ಶುರು ಮಾಡುವುದು ವಾಡಿಕೆ.

ಜೊತೆಗೆ 2 ಪರ್ಸೆಂಟ್ ಕೀಟೋಕೊನಜೋಲ್ ಶಾಂಪೂ, ವಾರಕ್ಕೆ ಎರಡು ಸಲ. ನೊರೆ ಮಾಡಿ 5 ನಿಮಿಷ ಬಿಟ್ಟು ತೊಳೆ. ಅದು ಗುಣ ಮಾಡುವುದಿಲ್ಲ, ತಲೆಯಿಂದ ಉದುರುವ ಫಂಗಸ್‌ನ ಬೀಜಗಳನ್ನು ಕೊಂದು ಬೇರೆಯವರಿಗೆ ಹರಡುವುದನ್ನು ತಗ್ಗಿಸುತ್ತದೆ. ಒಡಹುಟ್ಟಿದವರ ತಲೆ ನೋಡು. ಏನೂ ಕಾಣದೆಯೇ ಹೊತ್ತು ತಿರುಗುವವರು ಇರುತ್ತಾರೆ, ಅದಕ್ಕೆ ಮನೆಯವರೆಲ್ಲ ಕೆಲವು ವಾರ ಆ ಶಾಂಪೂ ಹಾಕಲಿ. ಬಾಚಣಿಗೆ, ಟೋಪಿ, ದಿಂಬಿನ ಗೌಸು ಬೇರೆ ಇರಲಿ. ಮಾತ್ರೆ ಶುರುವಾದ ಮೇಲೆ ಶಾಲೆ ಬಿಡಿಸಬೇಕಾಗಿಲ್ಲ.

ರಾಯಚೂರು, ಕಟಿಂಗ್ ಶಾಪ್ ನಡೆಸುವವರು
ಮೇಡಂ, ಬೋಳಿಸಿದ ಮೇಲೆ ವಾಸಿಯಾದ ಹುಡುಗರನ್ನು ನಾನು ಕಣ್ಣಾರೆ ನೋಡಿದ್ದೀನಿ. ಮನೆಯಲ್ಲಿ ಮಾತ್ರೆ ಕೊಟ್ಟಿದ್ದರೋ ಏನೋ, ನಾನು ಕೇಳಿಲ್ಲ ಬಿಡಿ. ಒಂದು ಕೇಳ್ತೀನಿ: ಇಂಥ ಹುಡುಗ ಅಂಗಡಿಗೆ ಬಂದರೆ ವಾಪಸ್ ಕಳಿಸಬೇಕಾ?

ಬಳ್ಳಾರಿ, ನಿವೃತ್ತ ಚರ್ಮರೋಗ ವೈದ್ಯೆ
ಮಾತ್ರೆ ಶುರು ಮಾಡಿ ಬನ್ನಿ ಅಂತ ಕಳಿಸಿ. ಬಂದಾಗ ಅವನಿಗೆ ಬೇರೆ ಬಾಚಣಿಗೆ, ಬೇರೆ ಬಟ್ಟೆ ಇಡಿ. ಮಷೀನ್ ನೀವು ಹೇಳಿದ ಹಾಗೆ ತೊಳೆಯಿರಿ.

ಮಾನ್ವಿ, ಒಬ್ಬ ಚಿಕ್ಕಪ್ಪ
ಮೇಡಂ, ನಮ್ಮ ಹುಡುಗನ ಕಲೆಯ ಮೇಲೆ ಕೂದಲು ಬರುತ್ತದಾ?

ಬಳ್ಳಾರಿ, ನಿವೃತ್ತ ಚರ್ಮರೋಗ ವೈದ್ಯೆ
ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಚರ್ಮದಲ್ಲಿ ಕೂದಲಿನ ಸಣ್ಣ ರಂಧ್ರಗಳು ಕಂಡರೆ ಇನ್ನೂ ಕೆಲವು ತಿಂಗಳು ಕಾಯಿರಿ, ಬರುವ ಸಾಧ್ಯತೆ ಇದೆ. ರಂಧ್ರವೇ ಇಲ್ಲದೆ ನುಣ್ಣಗಿದ್ದರೆ ಆ ಜಾಗದಲ್ಲಿ ಬರುವುದು ಕಷ್ಟ.